ಸರ್ವೆ ಮಾಡಿ ಬರೆಯುವ ಎಂ.ಎ. ಪ್ರಬಂಧ: ಮೆಥಡಾಲಜಿ ಅಧ್ಯಾಯದಲ್ಲಿ ಯಾವುದರ ನಂತರ ಯಾವುದು ಬರಬೇಕು

ವೈವಾದಲ್ಲಿ ಮೆಥಡಾಲಜಿ ಅಧ್ಯಾಯ ತೆರೆದ ಪರೀಕ್ಷಕರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ: "ಈ 150 ಜನ ಎಲ್ಲಿಂದ ಬಂದರು?" ವಿದ್ಯಾರ್ಥಿ "ರ‍್ಯಾಂಡಮ್ ಆಗಿ ಆರಿಸಿದ್ದು ಸರ್" ಅನ್ನುತ್ತಾರೆ. "ಯಾವ ಪಟ್ಟಿಯಿಂದ?" ಅಂದ ಕೂಡಲೇ ಮಾತು ನಿಲ್ಲುತ್ತದೆ. ಸರ್ವೆ ಚೆನ್ನಾಗಿಯೇ ನಡೆದಿರುತ್ತದೆ. ಬಿಸಿಲಲ್ಲಿ ಊರೂರು ಸುತ್ತಿರುತ್ತಾರೆ. ಆದರೆ ಅಧ್ಯಾಯದಲ್ಲಿ ಭಾಗಗಳು ತಪ್ಪು ಕ್ರಮದಲ್ಲಿ ಕೂತಿರುತ್ತವೆ, ಹಾಗಾಗಿ ಒಂದರಿಂದ ಇನ್ನೊಂದು ಹೇಗೆ ಬಂತು ಅಂತ ತೋರಿಸಲು ಆಗುವುದಿಲ್ಲ.

ಈ ಅಧ್ಯಾಯದ ಪ್ರತಿ ಭಾಗವೂ ಮುಂದಿನದಕ್ಕೆ ಏನನ್ನಾದರೂ ದಾಟಿಸಬೇಕು. ಉದ್ದೇಶ ನಿಂತರೆ ಯಾರನ್ನು ಕೇಳಬೇಕು ಅನ್ನುವುದು ತಿಳಿಯುತ್ತದೆ. ಅದು ತಿಳಿದರೆ ಪಟ್ಟಿ ಸಿಗುತ್ತದೆ, ಪಟ್ಟಿಯಿಂದ ಸ್ಯಾಂಪಲ್ ಗಾತ್ರ, ಗಾತ್ರದಿಂದ ಆಯ್ಕೆ. ನಡುವೆ ಒಂದು ಕೊಂಡಿ ಬಿಟ್ಟರೂ ಮುಂದಿನದೆಲ್ಲ ಗಾಳಿಯಲ್ಲಿ ನಿಲ್ಲುತ್ತದೆ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೋಗೋಣ. ವಿಷಯ: ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರು ಮಿಶ್ರತಳಿ ಬಿಟ್ಟು ದ್ವಿತಳಿ ಹುಳು ಸಾಕಲು ಮುಂದಾಗುತ್ತಿದ್ದಾರಾ, ಯಾರು ಮುಂದಾಗುತ್ತಿದ್ದಾರೆ, ಏನು ಅಡ್ಡಿ. ಮುಂದೆ ಬರುವ ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಅವನ್ನು ನಿಮ್ಮ ಪ್ರಬಂಧಕ್ಕೆ ಎತ್ತಿಕೊಳ್ಳಬೇಡಿ.

## ಬರೆಯಲು ಕೂರುವ ಮೊದಲು

ನಾಲ್ಕು ವಸ್ತು ಮೇಜಿನ ಮೇಲಿರಲಿ: ಒಪ್ಪಿಗೆಯಾದ ಸಿನಾಪ್ಸಿಸ್, ಸ್ಯಾಂಪಲ್ ಎತ್ತಿದ ಪಟ್ಟಿ, ಕ್ಷೇತ್ರಕಾರ್ಯದ ಡೈರಿ, ಕೊನೆಗೆ ಬಳಸಿದ ಪ್ರಶ್ನೆಗಳ ಪ್ರತಿ. ವಿಭಾಗದವರು ಕೊಡುವ ಫಾರ್ಮ್ಯಾಟ್ ಕೂಡ ನೋಡಿಕೊಳ್ಳಿ. ಕೆಲವು ಕಡೆ ಅಧ್ಯಯನ ಕ್ಷೇತ್ರಕ್ಕೆ ಬೇರೆ ಅಧ್ಯಾಯವೇ ಇರುತ್ತದೆ. ಹಾಗಿದ್ದರೆ ಕೆಳಗಿನ 2ನೇ ಹಂತ ಅಲ್ಲಿಗೆ ಹೋಗುತ್ತದೆ.

ಸಿನಾಪ್ಸಿಸ್ ಬಗ್ಗೆ ಒಂದು ಎಚ್ಚರಿಕೆ. ಅದು ಕೆಲಸಕ್ಕೆ ಮೊದಲು ಬರೆದದ್ದು. ಅದರಲ್ಲಿ "ಆಯ್ಕೆ ಮಾಡಲಾಗುವುದು", "ಸಂಗ್ರಹಿಸಲಾಗುವುದು" ಅಂತ ಇರುತ್ತದೆ. ಅದನ್ನೇ ಕಾಪಿ ಮಾಡಿ ಅಂಟಿಸಿದರೆ, ಮುಗಿದ ಕೆಲಸ ಇನ್ನೂ ಆಗಬೇಕಾದ್ದು ಅನ್ನುವ ಹಾಗೆ ಓದಿಸುತ್ತದೆ. ಯೋಜನೆ ಕ್ಷೇತ್ರದಲ್ಲಿ ಬದಲಾಗಿದ್ದರೂ ಹಳೆಯ ಸಂಖ್ಯೆ ಹಾಗೇ ಉಳಿಯುತ್ತದೆ. ಈ ಅಧ್ಯಾಯದಲ್ಲಿ ನಡೆದದ್ದನ್ನು ಮಾತ್ರ, ಭೂತಕಾಲದಲ್ಲಿ ಬರೆಯಿರಿ.

## 1. ಉದ್ದೇಶಗಳು ಮತ್ತು ಅಧ್ಯಯನದ ವಿನ್ಯಾಸ

ಮೊದಲ ಅಧ್ಯಾಯದ ಉದ್ದೇಶಗಳನ್ನು ಇಲ್ಲಿ ಒಂದಕ್ಷರ ಬದಲಿಸದೆ ಮತ್ತೆ ಕೊಡಿ. ನಮ್ಮ ಉದಾಹರಣೆಯಲ್ಲಿ ಮೂರಿವೆ: ದ್ವಿತಳಿ ಸಾಕುವ ಕುಟುಂಬಗಳ ಪ್ರಮಾಣ ತಿಳಿಯುವುದು, ಜಮೀನು ಮತ್ತು ವಿದ್ಯಾಭ್ಯಾಸಕ್ಕೂ ಅದಕ್ಕೂ ಇರುವ ಸಂಬಂಧ ನೋಡುವುದು, ಅಡ್ಡಿಗಳನ್ನು ಗುರುತಿಸುವುದು.

ಆಮೇಲೆ ಎರಡು ಮೂರು ವಾಕ್ಯದಲ್ಲಿ ವಿನ್ಯಾಸ ಹೇಳಿ. ಇದು ಒಂದೇ ಕಾಲಘಟ್ಟದಲ್ಲಿ ಒಂದು ಸಲ ಮಾತ್ರ ಮಾಡಿದ ಸರ್ವೆ. ಆದ್ದರಿಂದ ಸಂಬಂಧ ಇದೆ ಅನ್ನಬಹುದು, ಇದರಿಂದಲೇ ಅದು ಆಯಿತು ಅನ್ನಲು ಬರುವುದಿಲ್ಲ. ಉದ್ದೇಶದಲ್ಲಿ "ಪರಿಣಾಮ" ಅನ್ನುವ ಪದ ಇದ್ದರೆ ಈಗಲೇ ಗೈಡ್ ಹತ್ತಿರ ಮಾತಾಡಿ. ಒಂದು ಸಲದ ಸರ್ವೆಯಿಂದ ಪರಿಣಾಮ ಅಳೆಯುವುದು ತುಂಬಾ ಕಷ್ಟ.

ಸಂಶೋಧನೆ ಎಂದರೇನು, ಸರ್ವೆ ಎಂದರೇನು ಅಂತ ಪಠ್ಯಪುಸ್ತಕದ ವ್ಯಾಖ್ಯೆ ತುಂಬಿ ನಾಲ್ಕು ಪುಟ ಮಾಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಓದುವವರಿಗೆ ಅದು ಗೊತ್ತು. ನೀವು ಏನು ಮಾಡಿದಿರಿ ಅನ್ನುವುದು ಅವರಿಗೆ ಬೇಕು.

## 2. ಅಧ್ಯಯನ ಕ್ಷೇತ್ರ

ಒಂದು ಪುಟ ಸಾಕು. ಈ ತಾಲ್ಲೂಕನ್ನೇ ಯಾಕೆ ತಗೊಂಡಿರಿ ಅನ್ನುವುದು ಮುಖ್ಯ: ಹಿಪ್ಪುನೇರಳೆ ಜಾಸ್ತಿ, ಗೂಡು ಮಾರುಕಟ್ಟೆ ಊರಲ್ಲೇ ಇದೆ. ದೇವಸ್ಥಾನ, ಬೆಟ್ಟ, ಪಾಳೇಗಾರರ ಕಥೆ ಬೇಡ.

ನಮ್ಮ ಕಡೆಯ ವಿದ್ಯಾರ್ಥಿಗಳು ಪದೇ ಪದೇ ಬೀಳುವ ಒಂದು ಗುಂಡಿ ಇಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ "ಕೋಲಾರ ಜಿಲ್ಲೆ" ಅಂಕಿಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲ ಸೇರಿವೆ. 2001ರ ಕೋಲಾರದ ಅಂಕಿಯನ್ನು 2011ರ ಕೋಲಾರದ ಪಕ್ಕ ಇಟ್ಟರೆ ಅರ್ಧ ಜಿಲ್ಲೆಯೇ ಮಾಯವಾದ ಹಾಗೆ ಕಾಣುತ್ತದೆ. ತಾಲ್ಲೂಕಿನ ಅಂಕಿ ತಗೊಳ್ಳಿ, ಅಥವಾ ಹಳೆಯದರಿಂದ ಬೇಕಾದ ತಾಲ್ಲೂಕುಗಳನ್ನು ಮಾತ್ರ ಕೂಡಿಸಿ.

## 3. ಸಮಷ್ಟಿ, ಘಟಕ, ಪಟ್ಟಿ

ಇದು ಅಧ್ಯಾಯದ ಬೆನ್ನೆಲುಬು, ಎಲ್ಲಕ್ಕಿಂತ ಜಾಸ್ತಿ ಬಿಟ್ಟುಹೋಗುವುದೂ ಇದೇ. ಮೂರು ಪ್ರಶ್ನೆಗೆ ಪ್ರತ್ಯೇಕವಾಗಿ ಉತ್ತರ ಕೊಡಿ.

ಮೊದಲನೆಯದು, ಯಾರ ಬಗ್ಗೆ ಮಾತಾಡುತ್ತಿದ್ದೀರಿ? ಇದು ಸಮಷ್ಟಿ. "ಶಿಡ್ಲಘಟ್ಟದ ರೈತರು" ಅಂದರೆ ಸಾಲದು. "ಕಳೆದ 12 ತಿಂಗಳಲ್ಲಿ ಒಂದು ಬೆಳೆಯಾದರೂ ಗೂಡು ತೆಗೆದಿರುವ, ತಾಲ್ಲೂಕಿನಲ್ಲಿರುವ ರೇಷ್ಮೆ ಇಲಾಖೆಯ ನಾಲ್ಕು ತಾಂತ್ರಿಕ ಸೇವಾ ಕೇಂದ್ರಗಳಲ್ಲಿ ನೋಂದಾಯಿಸಿರುವ ಕುಟುಂಬಗಳು" ಅಂದರೆ ಯಾರು ಒಳಗೆ, ಯಾರು ಹೊರಗೆ ಅನ್ನುವುದು ಗೊತ್ತಾಗುತ್ತದೆ.

ಎರಡನೆಯದು, ಒಂದು ಘಟಕ ಅಂದರೆ ಏನು? ಇಲ್ಲಿ ಕುಟುಂಬ. ಪಟ್ಟಿಯಲ್ಲಿ ತಂದೆಯ ಹೆಸರಿರುತ್ತದೆ, ತೋಟ ನೋಡುವುದು ಮಗ. ಹುಳುಮನೆಯಲ್ಲಿ ಸೊಪ್ಪು ಹಾಕುವುದು, ಹಾಸಿಗೆ ಬದಲಿಸುವುದು ಬಹಳ ಮನೆಗಳಲ್ಲಿ ಹೆಂಗಸರು. ಹಾಗಾದರೆ ಉತ್ತರ ಕೊಟ್ಟವರು ಯಾರು? "ಮೊಟ್ಟೆ ಯಾವ ತಳಿ ಅಂತ ತೀರ್ಮಾನಿಸುವವರನ್ನು ಮಾತಾಡಿಸಲಾಯಿತು" ಅಂತ ಒಂದು ನಿಯಮ ಮಾಡಿ, ಬರೆದುಬಿಡಿ. ಬರೆಯದಿದ್ದರೆ "ಪ್ರತಿವಾದಿಗಳ ಲಿಂಗ" ಅನ್ನುವ ನಿಮ್ಮ ಕೋಷ್ಟಕಕ್ಕೆ ಅರ್ಥವೇ ಇರುವುದಿಲ್ಲ. ಅಂದಹಾಗೆ, ಉತ್ತರ ಕೊಡುವವರನ್ನು ಪ್ರತಿವಾದಿ ಅನ್ನಬೇಡಿ, ಅದು ಕೋರ್ಟಿನ ಮಾತು. ಉತ್ತರದಾರರು ಅನ್ನಿ.

ಮೂರನೆಯದು, ಪಟ್ಟಿ ಎಲ್ಲಿಂದ, ಯಾವ ತಿಂಗಳಿನದ್ದು, ಅದರಲ್ಲಿ ಏನು ಕೊರತೆ? ನಮ್ಮ ಉದಾಹರಣೆಯಲ್ಲಿ ನಾಲ್ಕು ಕೇಂದ್ರಗಳಲ್ಲಿ 520, 360, 220, 140, ಒಟ್ಟು 1,240 ಕುಟುಂಬ. ತೋಟ ಕಿತ್ತು ಟೊಮೆಟೊ ಹಾಕಿದವರೂ ಪಟ್ಟಿಯಲ್ಲಿ ಉಳಿದಿರಬಹುದು. ನೋಂದಣಿ ಇಲ್ಲದೆ ಸಾಕುವವರು ಅದರಲ್ಲಿ ಇರುವುದೇ ಇಲ್ಲ. ಎರಡನ್ನೂ ಇಲ್ಲೇ ಹೇಳಿ.

ಪಟ್ಟಿಯೇ ಸಿಗಲಿಲ್ಲವಾ? ಹಾಗಿದ್ದರೆ "ರ‍್ಯಾಂಡಮ್" ಅನ್ನುವ ಪದ ಅಧ್ಯಾಯದಲ್ಲಿ ಎಲ್ಲೂ ಬರಬಾರದು. ಗೂಡು ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಿಂತು ಸಿಕ್ಕವರನ್ನು ಮಾತಾಡಿಸಿದ್ದರೆ ಅದು ಅನುಕೂಲದ ಆಯ್ಕೆ. ಹಾಗಂತಲೇ ಬರೆಯಿರಿ, ಮುಂದಿನ ಹಂತದ ಸೂತ್ರವನ್ನೂ ಬಿಡಿ. ಫಲಿತಾಂಶ ಮಾತಾಡಿಸಿದವರಿಗೆ ಮಾತ್ರ ಅನ್ವಯ ಅಂತ ಒಪ್ಪಿಕೊಳ್ಳಿ. ಹೀಗೆ ನಿಜ ಬರೆದ ಪ್ರಬಂಧವನ್ನು ವೈವಾದಲ್ಲಿ ಸಮರ್ಥಿಸಿಕೊಳ್ಳಬಹುದು. ಸುಮ್ನೆ ರ‍್ಯಾಂಡಮ್ ಅಂದದ್ದನ್ನು ಆಗುವುದಿಲ್ಲ.

## 4. ಸ್ಯಾಂಪಲ್ ಗಾತ್ರ

ಪಟ್ಟಿಯ ಸಂಖ್ಯೆ ಕೈಗೆ ಬಂದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಯಮಾನೆ ಸೂತ್ರ:

```
n = N / (1 + N × e²)
```

N ಅಂದರೆ ಸಮಷ್ಟಿ, e ಅಂದರೆ ನೀವು ಒಪ್ಪುವ ತಪ್ಪಿನ ಅಂತರ. 1,240 ಕುಟುಂಬಕ್ಕೆ 5% ಅಂತರ ಇಟ್ಟರೆ 303 ಜನ ಬೇಕು. ಒಬ್ಬರೇ ಬಸ್ಸಿನಲ್ಲಿ ಓಡಾಡಿ ಮಾಡುವ ಕೆಲಸಕ್ಕೆ ಅದು ಜಾಸ್ತಿ. 7% ಇಟ್ಟರೆ ಹೀಗಾಗುತ್ತದೆ:

```
1240 × 0.07² = 6.076
1240 / (1 + 6.076) = 175.2  →  176
```

ಯಾವಾಗಲೂ ಮೇಲಕ್ಕೆ ಪೂರ್ಣಗೊಳಿಸಿ. 7% ಯಾಕೆ ಅನ್ನುವುದಕ್ಕೆ ಕಾರಣವನ್ನೂ ಒಂದು ವಾಕ್ಯದಲ್ಲಿ ಕೊಡಿ: ಸಮಯ, ಒಬ್ಬರೇ ಸಂದರ್ಶಕರು. ಅದರ ಬೆಲೆಯನ್ನೂ ಹೇಳಿ. 100ಕ್ಕೆ 40 ಕುಟುಂಬ ದ್ವಿತಳಿ ಸಾಕುತ್ತವೆ ಅಂತ ನಿಮಗೆ ಉತ್ತರ ಬಂದರೆ, ನಿಜವಾದ ಪ್ರಮಾಣ ಸುಮಾರು 33ರಿಂದ 47ರ ನಡುವೆ ಎಲ್ಲಾದರೂ ಇರಬಹುದು. ಈ ಅಂತರ ಇಡೀ ಸ್ಯಾಂಪಲ್‌ಗೆ. 20 ಜನ ಇರುವ ಒಂದು ಕೇಂದ್ರದ ಬಗ್ಗೆ ಬೇರೆಯಾಗಿ ತೀರ್ಮಾನ ಹೇಳಲು ಇದು ಸಾಲದು.

ಎಲ್ಲರ ಪ್ರಬಂಧದಲ್ಲೂ 384 ಕಾಣಿಸುತ್ತದಲ್ವಾ? ಅದು ಯಮಾನೆ ಸೂತ್ರದ್ದಲ್ಲ, ಕ್ರೆಜ್ಸಿ–ಮಾರ್ಗನ್ ಕೋಷ್ಟಕದಲ್ಲಿ ಸಮಷ್ಟಿ ಹತ್ತು ಲಕ್ಷದಷ್ಟು ದೊಡ್ಡದಾಗಿದ್ದಾಗ, 5% ಅಂತರಕ್ಕೆ ಬರುವ ಸಂಖ್ಯೆ. 1,240 ಜನರ ಪಟ್ಟಿ ಕೈಯಲ್ಲಿದ್ದು 384 ಬರೆದರೆ, ಲೆಕ್ಕ ಮಾಡಿಲ್ಲ ಅನ್ನುವುದು ಕೂಡಲೇ ಗೊತ್ತಾಗುತ್ತದೆ.

ಕೆಲವರು ಸಿಗುವುದಿಲ್ಲ, ಕೆಲವರು ಒಲ್ಲೆ ಅನ್ನುತ್ತಾರೆ. ಅದಕ್ಕೆ 10% ಬಿಟ್ಟುಕೊಂಡರೆ 176 ÷ 0.9, ಅಂದರೆ 196 ಹೆಸರು ಎತ್ತಬೇಕು.

## 5. ಹೆಸರು ಆರಿಸಿದ ವಿಧಾನ

ಇನ್ನೊಬ್ಬರು ಓದಿ ಹಾಗೇ ಮಾಡಬಹುದು ಅನ್ನುವಷ್ಟು ವಿವರ ಇಲ್ಲಿರಬೇಕು. 196ನ್ನು ನಾಲ್ಕು ಕೇಂದ್ರಗಳಿಗೆ ಅವುಗಳ ಗಾತ್ರಕ್ಕೆ ತಕ್ಕಂತೆ ಹಂಚಿ. ಮೊದಲನೆಯದಕ್ಕೆ 520 × 196 ÷ 1240, ಅಂದರೆ 82. ಉಳಿದವಕ್ಕೆ 57, 35, 22. ಕೂಡಿದರೆ 196 ಬರುತ್ತದೆ, ಕೂಡಿ ನೋಡಿ.

ಆಮೇಲೆ ಪ್ರತಿ ಕೇಂದ್ರದ ಪಟ್ಟಿಯಲ್ಲಿ ಹೆಸರಿನ ಪಕ್ಕದ ಕಾಲಮ್‌ನಲ್ಲಿ ಇದನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
=RAND()
```

ಬಂದ ಸಂಖ್ಯೆಗಳನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ Paste Values ಕೊಡಿ. ಇದನ್ನು ಮರೆತರೆ ಶೀಟ್ ಮುಟ್ಟಿದಾಗಲೆಲ್ಲ ಸಂಖ್ಯೆ ಬದಲಾಗಿ, ನೀವು ಯಾರನ್ನು ಆರಿಸಿದಿರಿ ಅನ್ನುವುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ನಂತರ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲ 82 ಹೆಸರು ತಗೊಳ್ಳಿ. ಆ ಫೈಲನ್ನು ಇಟ್ಟುಕೊಳ್ಳಿ, ವೈವಾಗೆ ಬೇಕಾಗುತ್ತದೆ.

ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗುವುದು ಕ್ಷೇತ್ರದಲ್ಲಿ ಎಲ್ಲರಿಗೂ ಆಸೆಯಾಗುವ ತಪ್ಪು. ಹಾಗೆ ಮಾಡಿದರೆ ಮನೆಯಲ್ಲಿ ಸಿಗುವವರು ಮಾತ್ರ ಸ್ಯಾಂಪಲ್‌ನಲ್ಲಿ ತುಂಬಿಕೊಳ್ಳುತ್ತಾರೆ. ಎಷ್ಟು ಸಲ ಮತ್ತೆ ಹೋದಿರಿ ಅಂತ ಬರೆಯಿರಿ. ಮೂರು ಸಲ ಅನ್ನುವುದು ಒಳ್ಳೆಯ ನಿಯಮ.

## 6. ಏನನ್ನು ಹೇಗೆ ಅಳೆದಿರಿ

ಯಾರು ಅನ್ನುವುದು ಮುಗಿಯಿತು, ಈಗ ಏನು. ಪ್ರಶ್ನೆಗಳ ಬಗ್ಗೆ ಬರೆಯುವ ಮೊದಲು ಈ ಭಾಗ ಬರಬೇಕು, ಯಾಕೆಂದರೆ ಪ್ರಶ್ನೆಗಳು ಹುಟ್ಟುವುದು ಇಲ್ಲಿಂದ.

"ದ್ವಿತಳಿ ಅಳವಡಿಕೆ" ಅಂದರೆ ಏನು? ಒಂದೇ ಮನೆಯವರು ಒಂದು ಬೆಳೆ ದ್ವಿತಳಿ, ಮುಂದಿನದು ಮಿಶ್ರತಳಿ ಮಾಡುತ್ತಾರೆ. "ಕಳೆದ 12 ತಿಂಗಳಲ್ಲಿ ಒಂದು ಬೆಳೆಯಾದರೂ ದ್ವಿತಳಿ ಸಾಕಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ" ಅಂತ ಗೆರೆ ಎಳೆಯಿರಿ.

ಜಮೀನಿನ ಅಳತೆಯಲ್ಲಿ ಒಂದು ಅಪಾಯ ಇದೆ, ಸ್ವಲ್ಪ ನಿಧಾನವಾಗಿ ನೋಡಿ. ರೈತರು "ಒಂದು ಎಕರೆ ಇಪ್ಪತ್ತು ಗುಂಟೆ" ಅನ್ನುತ್ತಾರೆ. ನೀವು 1.20 ಅಂತ ಬರೆದುಕೊಳ್ಳುತ್ತೀರಿ. ಕಂಪ್ಯೂಟರ್ ಅದನ್ನು 1.2 ಎಕರೆ ಅಂತ ತಿಳಿಯುತ್ತದೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ನಿಜಕ್ಕೂ 1.5 ಎಕರೆ. 1.30 ಬರೆದದ್ದು 1.75 ಎಕರೆ. ನೂರಾರು ಸಾಲಿನಲ್ಲಿ ಹೀಗಾದರೆ ಸರಾಸರಿ ಇಳಿಯುತ್ತದೆ, ಸಣ್ಣ ಹಿಡುವಳಿದಾರರು ಲೆಕ್ಕಕ್ಕಿಂತ ಜಾಸ್ತಿ ಕಾಣುತ್ತಾರೆ. ಗುರುತಿಸುವುದು ಸುಲಭ: ಜಮೀನಿನ ಕಾಲಮ್‌ನಲ್ಲಿ ಚುಕ್ಕಿಯ ನಂತರ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಎಲ್ಲೂ ಇಲ್ಲದಿದ್ದರೆ, ಅದು ಗುಂಟೆಯಲ್ಲೇ ಉಳಿದಿದೆ. ಎಕರೆಗೆ ಒಂದು, ಗುಂಟೆಗೆ ಒಂದು ಕಾಲಮ್ ಇಟ್ಟು, ಆಮೇಲೆ ಹೀಗೆ ಕೂಡಿಸಿ:

```
=B2+C2/40
```

ಅಧ್ಯಾಯದಲ್ಲಿ ಒಂದು ವಾಕ್ಯ ಸಾಕು: "ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಪರಿವರ್ತಿಸಲಾಯಿತು."

## 7. ಪ್ರಶ್ನೆಗಳು, ಮತ್ತು ಅವನ್ನು ಮೊದಲು ಪರೀಕ್ಷಿಸಿದ್ದು

ಹಾಳೆ ಕೊಟ್ಟು ಅವರೇ ತುಂಬಿದರೆ ಅದು ಪ್ರಶ್ನಾವಳಿ. ನೀವು ಓದಿ, ಅವರು ಹೇಳಿ, ನೀವು ಬರೆದುಕೊಂಡರೆ ಅದು ಸಂದರ್ಶನ ಅನುಸೂಚಿ. ಹಳ್ಳಿಯಲ್ಲಿ ಮಾಡುವುದು ಬಹುಪಾಲು ಎರಡನೆಯದು. ಹೆಸರು ತಪ್ಪಿದರೆ ಪರೀಕ್ಷಕರು "ಓದಲು ಬಾರದವರು ಹೇಗೆ ತುಂಬಿದರು?" ಅಂತ ಕೇಳುತ್ತಾರೆ.

ಭಾಷೆಯ ವಿಷಯವನ್ನು ಖಂಡಿತ ಬರೆಯಿರಿ. ನಮ್ಮ ಕಡೆ ಮನೆಮಾತು ತೆಲುಗು ಇರುವ ಕುಟುಂಬ ತುಂಬಾ. ಅನುಸೂಚಿ ಕನ್ನಡದಲ್ಲಿದ್ದು ನೀವು ಅಲ್ಲೇ ತೆಲುಗಿಗೆ ತಿರುಗಿಸಿ ಕೇಳಿದರೆ, ಒಂದೊಂದು ಮನೆಯಲ್ಲಿ ಪ್ರಶ್ನೆ ಒಂದೊಂದು ತರ ಆಗುತ್ತದೆ. ತೆಲುಗು ಮಾತುಗಳನ್ನೂ ಮೊದಲೇ ಬರೆದಿಟ್ಟುಕೊಳ್ಳಿ, ಎಷ್ಟು ಸಂದರ್ಶನ ಯಾವ ಭಾಷೆಯಲ್ಲಿ ಆಯಿತು ಅಂತ ಕೊಡಿ.

ಮುಂಚಿತ ಪರೀಕ್ಷೆಯನ್ನು ಸ್ಯಾಂಪಲ್‌ಗೆ ಹೊರಗಿನ ಸುಮಾರು 20 ಮನೆಗಳಲ್ಲಿ ಮಾಡಿ, ಉದಾಹರಣೆಗೆ ಚಿಂತಾಮಣಿ ಕಡೆ. "20 ಜನರಲ್ಲಿ ಪರೀಕ್ಷಿಸಿ ಸೂಕ್ತ ಬದಲಾವಣೆ ಮಾಡಲಾಯಿತು" ಅನ್ನುವ ವಾಕ್ಯ ಏನನ್ನೂ ಹೇಳುವುದಿಲ್ಲ. ಏನು ಬದಲಾಯಿತು ಅಂತ ತೋರಿಸಿ. ಉದಾಹರಣೆಗೆ, "ಒಂದು ಬೆಳೆಗೆ ಆದಾಯ ಎಷ್ಟು?" ಅಂದರೆ ಕೆಲವರು ಗೂಡು ಮಾರಿ ಬಂದ ಒಟ್ಟು ದುಡ್ಡು ಹೇಳುತ್ತಾರೆ, ಕೆಲವರು ಚಾಕಿ, ಗೊಬ್ಬರ, ಕೂಲಿ ಕಳೆದು ಹೇಳುತ್ತಾರೆ. ಅದನ್ನು "ಹೋದ ಬೆಳೆಯಲ್ಲಿ ಎಷ್ಟು ಮೊಟ್ಟೆ ಸಾಕಿದ್ರಿ? ಗೂಡು ಮಾರಿ ಒಟ್ಟು ಎಷ್ಟು ಬಂತು? ಖರ್ಚು ಎಷ್ಟಾಯ್ತು?" ಅಂತ ಮೂರಾಗಿ ಒಡೆಯಿರಿ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಕೊಡಿ. ಪರೀಕ್ಷೆಯ 20 ಮನೆ ಮುಖ್ಯ ಸರ್ವೆಯಲ್ಲಿ ಸೇರಬಾರದು.

ಕ್ರೊನ್‌ಬಾಕ್ ಆಲ್ಫಾ ಬೇಕಾಗುವುದು ಒಂದೇ ಮನೋಭಾವವನ್ನು ಹಲವು ಹೇಳಿಕೆಗಳಿಂದ ಅಳೆದಾಗ ಮಾತ್ರ. 0.70ಕ್ಕೆ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ವಯಸ್ಸು, ಎಕರೆ, ಮೊಟ್ಟೆ ಎಲ್ಲ ಸೇರಿಸಿ ಇಡೀ ಅನುಸೂಚಿಗೆ ಒಂದು ಆಲ್ಫಾ ಕೊಡುವುದಕ್ಕೆ ಅರ್ಥವಿಲ್ಲ. ಆಲ್ಫಾ ತುಂಬಾ ಕಡಿಮೆ ಅಥವಾ ಋಣಾತ್ಮಕ ಬಂದರೆ, "ದ್ವಿತಳಿ ನಷ್ಟದ ಕೆಲಸ" ಅನ್ನುವಂಥ ಉಲ್ಟಾ ಹೇಳಿಕೆಯ ಅಂಕ ತಿರುಗಿಸುವುದನ್ನು ಮರೆತಿದ್ದೀರಾ ಅಂತ ಮೊದಲು ನೋಡಿ.

## 8. ಕ್ಷೇತ್ರಕಾರ್ಯ ಮತ್ತು ತಲೆ ಲೆಕ್ಕ

ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾರು ಮಾತಾಡಿಸಿದ್ದು, ಒಂದು ಸಂದರ್ಶನಕ್ಕೆ ಎಷ್ಟು ಹೊತ್ತು. ಯಾವ ಸಮಯದಲ್ಲಿ ಹೋದಿರಿ ಅನ್ನುವುದೂ ಮುಖ್ಯ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಮನೆಯವರಿಗೆ ಸೊಪ್ಪು ಹಾಕುವುದೇ ಆಗಿರುತ್ತದೆ, ಉತ್ತರ ಅವಸರದಲ್ಲಿ ಬರುತ್ತದೆ. ಗೂಡು ಮಾರಿದ ನಂತರ ಹೋಗಿದ್ದರೆ ಹಾಗಂತ ಬರೆಯಿರಿ.

ನಂತರ 196 ಹೆಸರುಗಳಿಗೆ ಏನಾಯಿತು ಅಂತ ಲೆಕ್ಕ ಒಪ್ಪಿಸಿ:

"ಆರಿಸಿದ 196 ಕುಟುಂಬಗಳಲ್ಲಿ 7 ಕುಟುಂಬ ರೇಷ್ಮೆ ಬಿಟ್ಟಿದ್ದವು. 4 ಕುಟುಂಬ ಮೂರು ಸಲ ಹೋದರೂ ಸಿಗಲಿಲ್ಲ, 3 ಕುಟುಂಬ ಒಪ್ಪಲಿಲ್ಲ. 182 ಸಂದರ್ಶನ ನಡೆದವು. 3 ಅಪೂರ್ಣವಾದ್ದರಿಂದ ಕೈಬಿಟ್ಟು, 179ನ್ನು ವಿಶ್ಲೇಷಣೆಗೆ ಬಳಸಲಾಯಿತು."

ರೇಷ್ಮೆ ಬಿಟ್ಟ 7 ಕುಟುಂಬ ನಿಮ್ಮ ಸಮಷ್ಟಿಗೇ ಸೇರಿದವರಲ್ಲ. ಆದ್ದರಿಂದ ಪ್ರತಿಕ್ರಿಯೆ ದರ 196ಕ್ಕಲ್ಲ, 189ಕ್ಕೆ: 179 ÷ 189, ಅಂದರೆ 94.7%. 3ನೇ ಹಂತದಲ್ಲಿ ಸಮಷ್ಟಿಯನ್ನು ಸ್ಪಷ್ಟವಾಗಿ ಹೇಳಿದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು.

ಎಲ್ಲ ಕಡೆ ಸರಿಯಾಗಿ 150, 200, 300 ಅಂತ ದುಂಡಾಗಿ ಬಂದಿದ್ದರೆ, ಒಬ್ಬರೂ ಒಲ್ಲೆ ಅನ್ನದಿದ್ದರೆ, ಓದುವವರಿಗೆ ಅನುಮಾನ ಬರುವುದು ಸಹಜ.

## 9. ವಿಶ್ಲೇಷಣೆ

ಉದ್ದೇಶದ ಕ್ರಮದಲ್ಲೇ ಬರೆಯಿರಿ. ಮೊದಲ ಉದ್ದೇಶಕ್ಕೆ ಶೇಕಡಾವಾರು. ಎರಡನೆಯದಕ್ಕೆ, ಹೌದು–ಇಲ್ಲ ಉತ್ತರಕ್ಕೂ ಹಿಡುವಳಿಯ ವರ್ಗಕ್ಕೂ ಒಂದು, ಅದೇ ಉತ್ತರಕ್ಕೂ ವಿದ್ಯಾಭ್ಯಾಸದ ಮಟ್ಟಕ್ಕೂ ಇನ್ನೊಂದು ಕೈ-ವರ್ಗ ಪರೀಕ್ಷೆ. ಮೂರನೆಯದಕ್ಕೆ, ರೈತರು ಅಡ್ಡಿಗಳಿಗೆ ಕೊಟ್ಟ ಸ್ಥಾನಗಳಿಂದ ಗ್ಯಾರೆಟ್ ರ‍್ಯಾಂಕಿಂಗ್. ಯಾವುದಾದರೂ ಪರೀಕ್ಷೆ ಯಾವ ಉದ್ದೇಶಕ್ಕೂ ಸೇರದಿದ್ದರೆ ತೆಗೆದುಹಾಕಿ. ಯಾವುದಾದರೂ ಉದ್ದೇಶಕ್ಕೆ ಪರೀಕ್ಷೆ ಇಲ್ಲದಿದ್ದರೆ ಅಲ್ಲಿ ಕೆಲಸ ಬಾಕಿ ಇದೆ.

ಕೈ-ವರ್ಗದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಷ್ಟಕದ ಚೌಕಗಳು ಬಹಳವಾದರೆ ಫಲಿತಾಂಶ ನಂಬುವ ಹಾಗಿಲ್ಲ. ದೊಡ್ಡ ಹಿಡುವಳಿದಾರರು ಏಳೆಂಟೇ ಜನ ಇದ್ದರೆ ಹೀಗಾಗುತ್ತದೆ. ಆಗ ಮಧ್ಯಮ, ದೊಡ್ಡ ವರ್ಗಗಳನ್ನು ಸೇರಿಸಿ, ಸೇರಿಸಿದ್ದೇವೆ ಅಂತ ಇಲ್ಲಿ ಹೇಳಿ.

ಫಲಿತಾಂಶ ಇಲ್ಲಿ ಬರಬಾರದು. "ಸಂಬಂಧ ಕಂಡುಬಂದಿತು" ಅನ್ನುವ ವಾಕ್ಯ ಇದ್ದರೆ ಮುಂದಿನ ಅಧ್ಯಾಯಕ್ಕೆ ಸಾಗಿಸಿ.

## 10. ಒಪ್ಪಿಗೆ ಮತ್ತು ಮಿತಿಗಳು

ಒಪ್ಪಿಗೆ ಬಾಯಿಮಾತಿನಲ್ಲಿ ತಗೊಂಡಿರಾ, ಸಹಿ ಹಾಕಿಸಿದಿರಾ, ಹೆಸರು–ಫೋನ್ ನಂಬರ್ ಡೇಟಾ ಫೈಲಿನಿಂದ ತೆಗೆದಿರಾ ಅನ್ನುವುದನ್ನು ಬರೆಯಿರಿ. ಮಿತಿಗಳಲ್ಲಿ "ಸಮಯದ ಅಭಾವ" ಅಂತ ನಿಲ್ಲಿಸಬೇಡಿ. ಈ ಅಧ್ಯಯನಕ್ಕೇ ಸೇರಿದ ಮಿತಿ ಕೊಡಿ: ನೋಂದಣಿ ಇಲ್ಲದವರು ಹೊರಗುಳಿದರು, ಖರ್ಚನ್ನು ನೆನಪಿನಿಂದ ಹೇಳಿದರು, 22 ಹೆಸರಿನ ಕೇಂದ್ರದ ಬಗ್ಗೆ ಬೇರೆಯಾಗಿ ಹೇಳಲು ಬರುವುದಿಲ್ಲ.

## ಗೈಡ್ ಕೈಗೆ ಕೊಡುವ ಹಿಂದಿನ ದಿನ

ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಅಧ್ಯಾಯದಲ್ಲಿರುವ ಪ್ರತಿ ಸಂಖ್ಯೆಗೂ ಸುತ್ತು ಹಾಕಿ. 1,240, 176, 196, 182, 179. ಈ ಸಾಲಿನಲ್ಲಿ ಹಿಂದಿನದರಿಂದ ಮುಂದಿನದು ಹೇಗೆ ಬಂತು ಅಂತ ಬಾಯಲ್ಲಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಒಂದು ವಾಕ್ಯ ಕಾಣೆಯಾಗಿದೆ. ಆಮೇಲೆ ಫಲಿತಾಂಶ ಅಧ್ಯಾಯದ ಮೊದಲ ಕೋಷ್ಟಕ ತೆರೆದು ಒಟ್ಟು ನೋಡಿ. ಅಲ್ಲಿ 179 ಇರಬೇಕು. 182 ಇದ್ದರೆ ಅಪೂರ್ಣವಾದ ಆ ಮೂರು ಹಾಳೆ ಇನ್ನೂ ಫೈಲಿನಲ್ಲೇ ಇವೆ.